ಅಡ್ವಾನ್ಸ್ ಲೆಕ್ಕ ಕೇಳಿದರೆ ಜಗಳಗಂಟರೇ?

ಮೇ 31ರ ಸಂಜೆ ನಾವು ನಾಲ್ವರು ಮನೆ ಖಾಲಿ ಮಾಡಿ ಓನರ್ ಅಂಕಲ್ ಕೈಗೆ ಕೀಲಿಕೈ ಕೊಟ್ಟೆವು. ಜೂನ್ 12ರಂದು ನನ್ನ ಖಾತೆಗೆ 58,400 ರೂಪಾಯಿ ಬಂತು. ನಾವು ಕೊಟ್ಟಿದ್ದ ಅಡ್ವಾನ್ಸ್ ಒಂದು ಲಕ್ಷ. ಹಣದ ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು: ‘ಪೇಂಟಿಂಗ್, ಕ್ಲೀನಿಂಗ್, ರಿಪೇರಿ ಎಲ್ಲಾ ಕಳೆದು ಕಳಿಸಿದ್ದೇನೆ. ಸೆಟಲ್ ಆಯ್ತು.’

ಕಳೆದದ್ದು 41,600. ಯಾವುದಕ್ಕೆ ಎಷ್ಟು ಎಂಬುದು ಆ ಸಾಲಿನಲ್ಲಿ ಇರಲಿಲ್ಲ.

ಬೆಂಗಳೂರಿನಲ್ಲಿ ಓದಲು ಬಂದವರಿಗೆ ಇದು ಹೊಸ ಕತೆಯಲ್ಲ. ನಮ್ಮ ಕ್ಲಾಸಿನಲ್ಲೇ ಬಾಡಿಗೆ ಮನೆ ಬಿಟ್ಟವರನ್ನು ಕೇಳಿದರೆ, ‘ಬಂದಷ್ಟು ಬಂತು ಬಿಡೋ’ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಒಂದು ಲಕ್ಷದಲ್ಲಿ ಹಾವೇರಿಯ ಗೆಳೆಯನ ಪಾಲಿನ 25 ಸಾವಿರವನ್ನು ಅವನ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿ ಕೊಟ್ಟಿದ್ದರು. ವಾರ ವಾರ ಕಂತು ಕಟ್ಟಿ ಸಾಲ ತೀರಿಸಿದ್ದೂ ಅವರೇ. ಈ ದುಡ್ಡು ವಾಪಸ್ ಬಂದರೆ ಅವನ ತಂಗಿಯ ಪಿಯು ಕಾಲೇಜಿನ ಫೀಸಿಗೆ ಎಂದು ಮನೆಯಲ್ಲಿ ಮೊದಲೇ ನಿರ್ಧಾರವಾಗಿತ್ತು. 58,400ರಲ್ಲಿ ಅವನ ಪಾಲು 14,600. ಮನೆಗೆ ಫೋನ್ ಮಾಡಿ ಏನು ಹೇಳುವುದು ಎಂದು ಅವನು ಎರಡು ದಿನ ಫೋನನ್ನೇ ಮಾಡಲಿಲ್ಲ.

ಮೊದಲ ಮೂರು ದಿನ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ನಾಲ್ವರೂ ಬೇರೆ ಬೇರೆಯಾಗಿ ಅಂಕಲ್‌ಗೆ ಮೆಸೇಜ್ ಕಳಿಸಿದೆವು. ಒಬ್ಬ ‘ಪ್ಲೀಸ್ ಅಂಕಲ್’ ಎಂದ, ಒಬ್ಬ ‘ಇದು ಸರಿಯಲ್ಲ’ ಎಂದ, ಇನ್ನೊಬ್ಬ ಮಧ್ಯರಾತ್ರಿ ಕೋಪದ ಎಮೋಜಿ ಹಾಕಿದ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆಮೇಲೆ ಚಳ್ಳಕೆರೆಯ ಗೆಳೆಯ ಒಂದು ಇಮೇಲ್ ಬರೆದು ಎಲ್ಲರಿಗೂ ತೋರಿಸಿದ. ‘ನೀವು ವಿದ್ಯಾರ್ಥಿಗಳಿಗೆ ಮೋಸ ಮಾಡಿದ್ದೀರಿ’ ಎಂದು ಶುರುವಾಗುವ ಆ ಪತ್ರದಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವುದೇ ಅಪರಾಧ, ಪೊಲೀಸರಿಗೆ ದೂರು ಕೊಡುತ್ತೇವೆ, ಇಡೀ ಹಣ ಬಡ್ಡಿ ಸಮೇತ ಬೇಕು ಎಂದೆಲ್ಲಾ ಇತ್ತು. ಓದಿದಾಗ ನಮಗೆಲ್ಲ ಖುಷಿಯಾಯಿತು. ಕಳಿಸುವ ಮುಂಚೆ ಕುಂದಾಪುರದವನು ಒಂದು ಪ್ರಶ್ನೆ ಕೇಳಿದ: ‘ಮಾರಾಯ, ಇದರಲ್ಲಿ ನಮಗೆ ಬೇಕಾದದ್ದು ಎಷ್ಟು ರೂಪಾಯಿ ಅಂತ ಎಲ್ಲಿದೆ?’

ನಿಜವಾಗಿಯೂ ಎಲ್ಲೂ ಇರಲಿಲ್ಲ. ನಮಗೇ ಗೊತ್ತಿರಲಿಲ್ಲ. 41,600 ಹೋಯಿತು ಎಂದು ಕೂಗುತ್ತಿದ್ದೆವೇ ವಿನಾ ಅದರಲ್ಲಿ ನ್ಯಾಯವಾಗಿ ಎಷ್ಟು ಹೋಗಬೇಕಿತ್ತು ಎಂದು ಕೂತು ನೋಡಿರಲಿಲ್ಲ. ಅಡ್ವಾನ್ಸ್ ವಾಪಸ್ ಕೇಳುವ ನಮ್ಮಂಥವರ ಪತ್ರಗಳು ಸೋಲುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಓನರ್ ಲೆಕ್ಕ ಕೊಡಲಿಲ್ಲ ಎಂದು ದೂರುವ ನಾವೂ ಲೆಕ್ಕ ಮಾಡಿರುವುದಿಲ್ಲ.

ಪೆಟ್ಟಿಗೆಯಿಂದ ಕರಾರು ಪತ್ರ ತೆಗೆದೆವು. ಎರಡು ವರ್ಷದ ಹಿಂದೆ ಸಹಿ ಹಾಕಿದ ಮೇಲೆ ಅದನ್ನು ಓದಿದ್ದು ಅದೇ ಮೊದಲು. ಹನ್ನೊಂದು ತಿಂಗಳಿನ ಮಾಮೂಲಿ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮಾಡಿದರೆ 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕಾಗಿಯೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ನಮ್ಮದನ್ನು ಒಮ್ಮೆ ನವೀಕರಿಸಿ ಒಟ್ಟು 22 ತಿಂಗಳು ಇದ್ದೆವು. ಬಾಡಿಗೆ 18 ಸಾವಿರ. 4ನೇ ಷರತ್ತಿನಲ್ಲಿ ‘1,00,000 ರೂಪಾಯಿ ಅಡ್ವಾನ್ಸ್ ಪಡೆಯಲಾಗಿದೆ, ಬಡ್ಡಿ ಇಲ್ಲದೆ, ಮನೆ ಖಾಲಿ ಮಾಡುವಾಗ ಬಾಕಿ ಮತ್ತು ಹಾನಿಯ ಮೊತ್ತ ಕಳೆದು ಹಿಂತಿರುಗಿಸಲಾಗುವುದು’ ಎಂದಿತ್ತು. ಈ ‘ಪಡೆಯಲಾಗಿದೆ’ ಎಂಬ ಒಂದು ಪದ ನಮ್ಮನ್ನು ಉಳಿಸಿತು. ಏಕೆಂದರೆ ಮೂವರು ಫೋನಿನಿಂದ ಹಣ ಕಳಿಸಿದ್ದೆವು, ಹಾವೇರಿಯವನು ಅಮ್ಮ ಕೊಟ್ಟ ನೋಟುಗಳನ್ನು ಹಾಗೇ ಅಂಕಲ್ ಕೈಗೆ ಕೊಟ್ಟಿದ್ದ, ರಸೀದಿ ಇರಲಿಲ್ಲ. ಆ ಸಾಲು ಇಲ್ಲದಿದ್ದರೆ ನಮ್ಮ ಅಡ್ವಾನ್ಸ್ ದಾಖಲೆಯಲ್ಲಿ 75 ಸಾವಿರವೇ.

9ನೇ ಷರತ್ತು ನಮ್ಮ ವಿರುದ್ಧವಾಗಿತ್ತು. ‘ಖಾಲಿ ಮಾಡುವಾಗ ಪೇಂಟಿಂಗ್ ಖರ್ಚಿಗಾಗಿ ಒಂದು ತಿಂಗಳ ಬಾಡಿಗೆ ಕಳೆಯಲಾಗುವುದು.’ ಇದರ ಮೇಲೆ ನಾವು ಒಂದು ರಾತ್ರಿ ಪೂರ್ತಿ ವಾದ ಮಾಡಿದೆವು. ಗೋಡೆಯ ಬಣ್ಣ ಎರಡು ವರ್ಷದಲ್ಲಿ ಮಾಸುವುದು ಸಹಜ. ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ನಾವೇ ಡಿಪ್ರಿಸಿಯೇಷನ್ ಲೆಕ್ಕ ಬಿಡಿಸಿ ಅಂಕ ತೆಗೆದುಕೊಂಡವರು. ಬಣ್ಣದ ಆಯಸ್ಸು ಐದು ವರ್ಷ ಎಂದಿಟ್ಟುಕೊಂಡರೆ ನಾವು ಬಳಸಿದ್ದು ಎರಡು, ಹಾಗಾಗಿ ಪೂರ್ತಿ ಪೇಂಟಿಂಗ್ ಖರ್ಚು ನಮ್ಮ ತಲೆಗೆ ಯಾಕೆ ಎಂದು ನಾನು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೂ ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಸಹಜ ಬಳಕೆಯ ಸವಕಳಿಗೆ ಅವನು ಹೊಣೆಯಲ್ಲ ಎಂದೇ ಇದೆ. ಇದನ್ನು ಓದಿ ಗೆದ್ದೆ ಅಂದುಕೊಂಡೆ. ಆದರೆ ಅದೇ ಕಲಮಿನ ಆರಂಭದಲ್ಲಿ ಇನ್ನೊಂದು ಮಾತಿದೆ: ಬೇರೆ ರೀತಿಯ ಕರಾರು ಇಲ್ಲದಿದ್ದಾಗ ಮಾತ್ರ ಈ ನಿಯಮ. ನಮ್ಮಲ್ಲಿ ಬೇರೆ ರೀತಿಯ ಕರಾರು ಇತ್ತು, ಕೆಳಗೆ ನಮ್ಮ ಸಹಿಯೂ ಇತ್ತು. 18 ಸಾವಿರವನ್ನು ನಾವು ಬಿಟ್ಟೆವು. ನಮ್ಮ ನಂತರ ಅದೇ ಮನೆಗೆ ಬಂದ ಜೂನಿಯರ್‌ಗಳು ‘ಗೋಡೆ ಮೇಲೆ ನೀವು ಅಂಟಿಸಿದ್ದ ಟೇಪಿನ ಗುರುತು ಇನ್ನೂ ಹಾಗೇ ಇದೆ’ ಎಂದರೂ ಅದನ್ನು ಎಳೆಯಲಿಲ್ಲ. ಚಳ್ಳಕೆರೆಯವನಿಗೆ ಇವತ್ತಿಗೂ ಈ ವಿಷಯದಲ್ಲಿ ನನ್ನ ಮೇಲೆ ಸಿಟ್ಟಿದೆ. ಅವನ ಸಿಟ್ಟು ತಪ್ಪು ಎಂದೂ ಹೇಳಲಾರೆ.

ಅವನ ಪತ್ರದಲ್ಲಿದ್ದ ‘ಎರಡು ತಿಂಗಳ ಅಡ್ವಾನ್ಸ್’ ಮಾತನ್ನೂ ತೆಗೆದೆವು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎಂದಿರುವುದು ನಿಜ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ರೂಢಿಯಾಗಿದ್ದ ಊರು ಇದು. ಎದುರಿನವರಿಗೆ ಗೊತ್ತಿರುವ ಒಂದೇ ಒಂದು ತಪ್ಪು ನಮ್ಮ ಪತ್ರದಲ್ಲಿದ್ದರೂ ಸಾಕು, ಉಳಿದ ಹತ್ತು ಸರಿಯಾದ ಮಾತನ್ನು ಅವರು ಓದುವುದೇ ಇಲ್ಲ.

ಕೊನೆಗೆ ಜೂನ್ 16ರಂದು ನಾವು ಕಳಿಸಿದ ಇಮೇಲ್ ಇದು. ಕನ್ನಡದಲ್ಲೇ ಬರೆದೆವು. ‘ಮಾನ್ಯರೇ’ ಎಂದು ಶುರು ಮಾಡಬೇಕೋ ‘ಅಂಕಲ್’ ಎನ್ನಬೇಕೋ ಎಂದು ಚರ್ಚೆಯಾಗಿ, ಎರಡು ವರ್ಷ ಕರೆದಂತೆಯೇ ಕರೆಯೋಣ ಎಂದಾಯಿತು.

‘ವಿಷಯ: ಅಡ್ವಾನ್ಸ್ ವಾಪಸಾತಿ, ಕಡಿತದ ವಿವರ ಕೋರಿ.

ಅಂಕಲ್, ನಮಸ್ಕಾರ. ನಿಮ್ಮ ಮನೆಯ ಎರಡನೇ ಮಹಡಿಯಲ್ಲಿ ನಾವು 2023ರ ಆಗಸ್ಟ್ 1ರಿಂದ 2025ರ ಮೇ 31ರವರೆಗೆ ಬಾಡಿಗೆಗೆ ಇದ್ದೆವು. ಕರಾರಿನ 4ನೇ ಷರತ್ತಿನಂತೆ ಕೊಟ್ಟ ಅಡ್ವಾನ್ಸ್ 1,00,000 ರೂಪಾಯಿ. ಮನೆ ಬಿಡುವುದಾಗಿ ಏಪ್ರಿಲ್ 28ರಂದು ತಿಳಿಸಿದ್ದೆವು. ಮೇ ತಿಂಗಳವರೆಗಿನ ಬಾಡಿಗೆ ಪೂರ್ತಿ ಕೊಟ್ಟಿದ್ದೇವೆ. ಜೂನ್ 12ರಂದು ನಿಮ್ಮಿಂದ 58,400 ರೂಪಾಯಿ ಬಂದಿದೆ, ಧನ್ಯವಾದ. ಉಳಿದ 41,600 ರೂಪಾಯಿ ಕಡಿತವಾಗಿದೆ.

ಇದರಲ್ಲಿ 9ನೇ ಷರತ್ತಿನ ಪೇಂಟಿಂಗ್ ಖರ್ಚು 18,000 ರೂಪಾಯಿ ನಮಗೆ ಒಪ್ಪಿಗೆ. ಬಾತ್‌ರೂಮಿನ ಬಾಗಿಲು ನಮ್ಮಿಂದಲೇ ಒಡೆದಿದ್ದು, ಅದರ ಖರ್ಚನ್ನೂ ಕೊಡುತ್ತೇವೆ. ಆ ಬಾಗಿಲೂ ಸೇರಿದಂತೆ ಉಳಿದ 23,600 ರೂಪಾಯಿ ಯಾವ ಬಾಬ್ತಿಗೆ ಎಷ್ಟು ಎಂಬುದನ್ನು ಬಿಲ್‌ಗಳ ಸಮೇತ ಜೂನ್ 25ರೊಳಗೆ ತಿಳಿಸಬೇಕೆಂದು ವಿನಂತಿ. ನಮ್ಮಿಂದ ಆಗಿರದ ಖರ್ಚೇನಾದರೂ ಅದರಲ್ಲಿ ಸೇರಿದ್ದರೆ ಆ ಮೊತ್ತವನ್ನು ಇದೇ ಖಾತೆಗೆ ಹಿಂತಿರುಗಿಸಿ. ಕರಾರಿನ ಪ್ರತಿ, ಮೇ 31ರ ಫೋಟೊಗಳು ಮತ್ತು ಮೀಟರ್ ರೀಡಿಂಗ್ ಇದರೊಂದಿಗೆ ಇವೆ.’

ಕೆಳಗೆ ನಾಲ್ವರ ಹೆಸರು. ಕರಾರಿನಲ್ಲಿ ಇಬ್ಬರದ್ದೇ ಸಹಿ ಇದ್ದರೂ ನಾಲ್ವರಿಗೂ ಪ್ರತಿ ಹೋಗುವಂತೆ ಕಳಿಸಿದೆವು. ಆಮೇಲೆ ಓನರ್ ಒಬ್ಬನಿಗೆ ಫೋನ್ ಮಾಡಿ ಒಂದು, ಇನ್ನೊಬ್ಬನಿಗೆ ಇನ್ನೊಂದು ಹೇಳುವಂತಾಗಬಾರದು ಎಂಬುದು ಕುಂದಾಪುರದವನ ಲೆಕ್ಕಾಚಾರ.

ಇಮೇಲೇ ಯಾಕೆ ಎಂದರೆ ಎಲ್ಲವೂ ಒಂದೇ ಕಡೆ, ಒಂದೇ ದಿನಾಂಕದ ಕೆಳಗೆ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ನಾಲ್ವರ ಮಾತು ನಾಲ್ಕು ಕಡೆ ಚೂರುಚೂರಾಗಿ ಬಿದ್ದಿತ್ತು, ಫೋನ್ ಮಾತಿಗೆ ಸಾಕ್ಷಿಯೇ ಇಲ್ಲ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಾಗಿನಿಂದ ವಿದ್ಯುನ್ಮಾನ ದಾಖಲೆಗೂ ಕಾನೂನಿನ ಮಾನ್ಯತೆ ಇದೆ. ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಅದಕ್ಕೊಂದು ಪ್ರಮಾಣಪತ್ರ ಬೇಕಾಗುತ್ತದೆ, ಅಷ್ಟೇ. ಅಲ್ಲಿಯವರೆಗೆ ಹೋಗುವ ಉದ್ದೇಶ ನಮಗಿರಲಿಲ್ಲ. ಆದರೆ ಮೂರನೆಯವರು ಯಾರಾದರೂ ಓದಿದರೆ ಏನಾಯಿತು ಎಂದು ಅವರಿಗೆ ಕೇಳದೆಯೇ ಗೊತ್ತಾಗಬೇಕು ಎಂದುಕೊಂಡೇ ಬರೆದೆವು. ನನ್ನ ಅನುಭವದಲ್ಲಿ ಭಾಷೆಯನ್ನು ತಣ್ಣಗೆ ಮಾಡಿದ್ದು ಈ ಮೂರನೆಯವರ ಯೋಚನೆಯೇ. ಓದುವುದು ಅಂಕಲ್ ಒಬ್ಬರೇ ಎಂದುಕೊಂಡಾಗ ‘ಮೋಸ’ ಎಂಬ ಪದ ತಾನಾಗಿಯೇ ಬರುತ್ತದೆ.

ಮಾರನೆಯ ದಿನ ಬೆಳಿಗ್ಗೆ ಅಂಕಲ್ ಫೋನ್ ಬಂತು. ‘ಏನ್ರಪ್ಪಾ, ಮೇಲ್ ಎಲ್ಲಾ ಕಳಿಸ್ತೀರಾ? ಮಕ್ಕಳ ಥರ ನೋಡ್ಕೊಂಡೆ ನಿಮ್ಮನ್ನ. ಈಗ ಲೆಕ್ಕ ಕೇಳ್ತೀರಾ?’ ನಿಜಕ್ಕೂ ನೋವಾದ ಧ್ವನಿ. ಅವರು ಕೆಟ್ಟವರಲ್ಲ. ನಿವೃತ್ತರು, ಬಾಡಿಗೆಯಲ್ಲೇ ಮನೆ ನಡೆಯುತ್ತದೆ. ಹಿಂದೊಮ್ಮೆ ಬಾಡಿಗೆದಾರರು ಕರೆಂಟ್ ಬಿಲ್ ಕಟ್ಟದೆ ಹೋಗಿದ್ದನ್ನು ಎಷ್ಟೋ ಸಲ ಹೇಳಿದ್ದರು. ಹಬ್ಬಕ್ಕೆ ಹೋಳಿಗೆ ಕೊಟ್ಟವರು. ಫೋನ್ ಹಿಡಿದು ನಾನು ಮೆತ್ತಗಾಗುತ್ತಿದ್ದೆ. ಆಗ ಪಕ್ಕದಲ್ಲಿದ್ದ ಹಾವೇರಿಯವನ ಮುಖ ನೋಡಿ, ‘ಅಂಕಲ್, ನೀವು ನಮ್ಮನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ. ಅದಕ್ಕೇ ಮೇಲ್‌ನಲ್ಲಿ ಕೇಳಿದ್ದೇವೆ. ವಿವರ ಕಳಿಸಿ ಸಾಕು’ ಎಂದೆ. ‘ಮಕ್ಕಳ ಥರ’ ಎಂಬ ಮಾತು ಲೆಕ್ಕದ ಜಾಗದಲ್ಲಿ ಬಂದು ಕೂತರೆ ಅಲ್ಲಿಂದ ಮುಂದೆ ಲೆಕ್ಕ ಕೇಳುವವನೇ ಕೃತಘ್ನ ಆಗುತ್ತಾನೆ. ಅಡ್ವಾನ್ಸ್ ಎಂದರೆ ಅವರ ಬಳಿ ಇಟ್ಟ ನಮ್ಮ ಹಣ. ಬ್ಯಾಂಕಿನವರು ನಮ್ಮ ಖಾತೆಯಿಂದ ಹೇಳದೆ ನೂರು ರೂಪಾಯಿ ಕಳೆದರೆ ಕೇಳಲು ಸಂಕೋಚಪಡದ ನಾವು ಇಲ್ಲಿ 23 ಸಾವಿರಕ್ಕೆ ತಲೆ ತಗ್ಗಿಸುತ್ತೇವೆ.

ಜೂನ್ 21ಕ್ಕೆ ಉತ್ತರ ಬಂತು. ಡೈರಿಯ ಹಾಳೆಯ ಫೋಟೊ ಮತ್ತು ಎರಡು ಬಿಲ್. ಕ್ಲೀನಿಂಗ್ 4,000, ಪ್ಲಂಬಿಂಗ್ 3,600, ಬಾತ್‌ರೂಮ್ ಬಾಗಿಲು 9,000, ಕರೆಂಟ್ ಮತ್ತು ನೀರು 2,000, ಇತರೆ 5,000. ಕೂಡಿದರೆ ಸರಿಯಾಗಿ 23,600.

ಇಲ್ಲಿಂದ ಮುಂದೆ ಕೆಲಸ ಸುಲಭವಾಯಿತು, ಏಕೆಂದರೆ ಇನ್ನು ಮಾತನಾಡಬೇಕಾದದ್ದು ಅಂಕಲ್ ಬಗ್ಗೆ ಅಲ್ಲ, ಐದು ಸಾಲುಗಳ ಬಗ್ಗೆ. ಪ್ಲಂಬಿಂಗ್ ಬಿಲ್ ನೋಡಿದ ಕೂಡಲೇ ಎರಡು ಸಂಗತಿ ಕಣ್ಣಿಗೆ ಬಿದ್ದವು. ಅದರಲ್ಲಿ ‘ಸಂಪ್ ಮೋಟರ್ ವಾಲ್ವ್’ ಎಂದು ಬರೆದಿತ್ತು. ಸಂಪು ಮೂರೂ ಮಹಡಿಗೆ ಒಂದೇ, ನಮ್ಮ ಮನೆಯೊಳಗಿನ ನಲ್ಲಿಯಲ್ಲ. ಅದಕ್ಕಿಂತ ಮುಖ್ಯವಾಗಿ ಬಿಲ್ಲಿನ ದಿನಾಂಕ ಜೂನ್ 19. ಹಣ ಕಳೆದದ್ದು ಜೂನ್ 12ರಂದು. ಆಗಿರದ ಕೆಲಸಕ್ಕೆ ಒಂದು ವಾರ ಮೊದಲೇ ಅಷ್ಟೇ ಮೊತ್ತ ಕಡಿತವಾಗಿತ್ತು! ಬಿಲ್ ಬಂದಾಗ ನಾವು ಮೊತ್ತ ನೋಡುತ್ತೇವೆ. ದಿನಾಂಕವನ್ನೂ, ಕೆಲಸದ ಹೆಸರನ್ನೂ ಮೊತ್ತಕ್ಕಿಂತ ಮೊದಲು ನೋಡಬೇಕು ಎಂಬುದನ್ನು ನಾನು ಕಲಿತದ್ದು ಅವತ್ತು.

ಬಾಗಿಲಿನ ವಿಷಯದಲ್ಲಿ ತಪ್ಪು ನಮ್ಮದೇ. ಕಳೆದ ವರ್ಷ ಒಳಗೆ ಸಿಕ್ಕಿಕೊಂಡ ಚಿಲಕ ತೆಗೆಯಲಾಗದೆ ಒದ್ದಿದ್ದೆವು, ಪಿವಿಸಿ ಬಾಗಿಲು ಕೆಳಗೆ ಸೀಳಿತ್ತು. ಅದಕ್ಕೆ ಅಂಟಿಸಿದ ಟೇಪು ಮೇ 31ರವರೆಗೂ ಇತ್ತು. ಅಂಕಲ್ ಬರೆದದ್ದು 9,000, ಅದಕ್ಕೆ ಬಿಲ್ ಇರಲಿಲ್ಲ. ನಾವು ಅದೇ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅದೇ ಅಳತೆಯ ಪಿವಿಸಿ ಬಾಗಿಲಿಗೆ ಕೂರಿಸುವ ಕೂಲಿ ಸೇರಿ ಎಷ್ಟು ಎಂದು ಬರೆಸಿಕೊಂಡು ಬಂದೆವು: 3,200. ಬಾಗಿಲು ಹಳೆಯದು, ಅದಕ್ಕೂ ಸವಕಳಿ ಕಳೆಯೋಣ ಎಂದು ನಾನು ಮತ್ತೆ ಡಿಪ್ರಿಸಿಯೇಷನ್ ತೆಗೆದಾಗ ಕುಂದಾಪುರದವನು, ‘ಒದ್ದವರು ನಾವು, ಪೂರ್ತಿ ಕೊಡುವ’ ಎಂದ. ಸರಿ ಎನಿಸಿತು.

ಕರೆಂಟಿನದು ಸ್ವಲ್ಪ ಸೂಕ್ಷ್ಮ. ಬೆಸ್ಕಾಂ ಮೀಟರ್ ರೀಡರ್ ಬರುವುದು ತಿಂಗಳ ಕೊನೆಗಲ್ಲ, ಆ ಪ್ರದೇಶಕ್ಕೆ ಗೊತ್ತಾದ ದಿನಕ್ಕೆ. ಹಾಗಾಗಿ ‘ಕೊನೆಯ ಬಿಲ್ ಕಟ್ಟಿದ್ದೇವೆ’ ಎಂದು ನಾವು ಹೇಳಿದರೂ, ಆ ರೀಡಿಂಗಿನ ನಂತರ ಮನೆ ಬಿಡುವವರೆಗೆ ಉರಿಸಿದ ಕರೆಂಟು ಮುಂದಿನ ಬಿಲ್ಲಿಗೆ ಸೇರುತ್ತದೆ. ಅದು ನಿಜವಾಗಿಯೂ ನಮ್ಮದೇ ಬಾಕಿ. ಮೇ 31ರಂದು ಕೀಲಿಕೈ ಕೊಡುವ ಮುಂಚೆ ಹಾವೇರಿಯವನು ಮೀಟರಿನ ಫೋಟೊ ತೆಗೆದಿದ್ದ. ಹಿಂದಿನ ಬಿಲ್ಲಿನ ರೀಡಿಂಗ್ ಮತ್ತು ಆ ಫೋಟೊದ ಅಂಕಿಗಳ ವ್ಯತ್ಯಾಸ ಹಿಡಿದು ಲೆಕ್ಕ ಹಾಕಿದಾಗ ನಮ್ಮ ಪಾಲು 580 ರೂಪಾಯಿ ಆಯಿತು. ನೀರಿನ ಪಾಲನ್ನು ಪ್ರತಿ ತಿಂಗಳೂ ಬಾಡಿಗೆಯ ಜೊತೆಗೇ ಕೊಟ್ಟಿದ್ದೆವು. ಆ ಒಂದು ಫೋಟೊ ಇರದಿದ್ದರೆ 2,000 ತಪ್ಪು ಎನ್ನಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ.

ಕ್ಲೀನಿಂಗ್ ಬಗ್ಗೆ ಕರಾರಿನಲ್ಲಿ ಒಂದು ಮಾತೂ ಇರಲಿಲ್ಲ. ಆದರೆ ನಾಲ್ಕು ಹುಡುಗರು ಎರಡು ವರ್ಷ ಬಳಸಿದ ಬಾತ್‌ರೂಮು ಮತ್ತು ಅಡುಗೆಮನೆಯ ಟೈಲ್ಸ್ ಹೇಗಿದ್ದವು ಎಂದು ನಮಗೇ ಗೊತ್ತು. ಕಸ ಗುಡಿಸಿ ಬಂದಿದ್ದೆವು, ಉಜ್ಜಿರಲಿಲ್ಲ. 1,500 ಒಪ್ಪುತ್ತೇವೆ ಎಂದು ಬರೆದೆವು. ‘ಇತರೆ’ ಎಂಬುದಕ್ಕೆ ವಿವರ ಬಂದರೆ ನೋಡುತ್ತೇವೆ, ಇಲ್ಲದಿದ್ದರೆ ಒಪ್ಪಿಗೆ ಇಲ್ಲ ಎಂದೆವು. ಗೋಡೆಯ ಮೊಳೆಗಳು ಎಂದು ಅಂಕಲ್ ಆಮೇಲೆ ಫೋನಿನಲ್ಲಿ ಹೇಳಿದರು. ಅದಕ್ಕೆ ಸಾಕ್ಷಿ ಸಿಕ್ಕಿದ್ದು ನಗು ಬರುವಂಥ ಜಾಗದಲ್ಲಿ. ಮನೆಗೆ ಬಂದ ಮೊದಲ ದಿನ ಚಳ್ಳಕೆರೆಯವನು ಖಾಲಿ ಹಾಲ್‌ನಲ್ಲಿ ಕುಣಿದು ಒಂದು ರೀಲ್ಸ್ ಮಾಡಿದ್ದ. ಅವನ ಹಿಂದಿನ ಗೋಡೆಯಲ್ಲಿ ಏಳು ಮೊಳೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹಾಡು ತೆಗೆದು ಆ ವಿಡಿಯೊವನ್ನು ಮೇಲ್‌ಗೆ ಲಗತ್ತಿಸಿದೆವು.

ಜೂನ್ 24ರ ಎರಡನೇ ಇಮೇಲ್ ಹೀಗೆ ಒಂದು ಪುಟದ ಲೆಕ್ಕವಾಯಿತು. ನಾವು ಒಪ್ಪುವ ಕಡಿತ: ಪೇಂಟಿಂಗ್ 18,000, ಬಾಗಿಲು 3,200, ಕ್ಲೀನಿಂಗ್ 1,500, ಕರೆಂಟ್ 580. ಒಟ್ಟು 23,280. ಒಂದು ಲಕ್ಷದಲ್ಲಿ ಇದನ್ನು ಕಳೆದರೆ ಬರಬೇಕಾದದ್ದು 76,720. ಬಂದದ್ದು 58,400. ಬಾಕಿ 18,320 ರೂಪಾಯಿ. ಕುಂದಾಪುರದವನು ಮೊದಲ ದಿನ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಗಲು ಹೆಚ್ಚುಕಡಿಮೆ ಹತ್ತು ದಿನ ಹಿಡಿಯಿತು. 41,600 ಎಂದು ಕೂಗುತ್ತಿದ್ದವರು 18,320ಕ್ಕೆ ಇಳಿದೆವು ಎಂದು ಚಳ್ಳಕೆರೆಯವನು ಬೇಸರಪಟ್ಟ. ನನಗೆ ಹಾಗೆ ಅನಿಸಲಿಲ್ಲ. ಮೊದಲಿನದು ಕೋಪದ ಮೊತ್ತ, ಅದನ್ನು ಯಾರೂ ಕೊಡುವುದಿಲ್ಲ. ಎರಡನೆಯದರ ಒಂದೊಂದು ರೂಪಾಯಿಗೂ ನಮ್ಮ ಬಳಿ ಕಾರಣವಿತ್ತು.

ಜುಲೈ 2ರಂದು 13,000 ಬಂತು. ಈ ಸಲವೂ ವಿವರ ಇಲ್ಲ. ‘ಇಷ್ಟೇ ಆಗೋದು’ ಎಂಬ ಸಂದೇಶ. ಇನ್ನು 5,320 ಬಾಕಿ, ತಲಾ 1,330. ಹಾವೇರಿಯವನು ಬಂದ ಪಾಲನ್ನು ಅವತ್ತೇ ಊರಿಗೆ ಕಳಿಸಿ, ಅಮ್ಮನ ಜೊತೆ ಅರ್ಧ ಗಂಟೆ ಮಾತನಾಡಿದ.

ಬಾಕಿಗೆ ಏನು ಮಾಡುವುದು ಎಂಬುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಇದೆ. ಕೇಸು ಹಾಕುವ ಮೊದಲೇ ಅಲ್ಲಿ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ಲೋಕ ಅದಾಲತ್ ಮೂಲಕ ರಾಜಿ ಮಾಡಿಸುತ್ತಾರೆ, ನ್ಯಾಯಾಲಯದ ಶುಲ್ಕ ಇಲ್ಲ. ಆದರೆ ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ, ಅಂಕಲ್ ಒಪ್ಪದಿದ್ದರೆ ಯಾರೂ ಬಲವಂತ ಮಾಡುವಂತಿಲ್ಲ. ಹಣ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಸಮಯ ಇರುತ್ತದೆ. ಆದರೆ 5,320 ರೂಪಾಯಿಗಾಗಿ ವಕೀಲರನ್ನು ಹಿಡಿದು, ಕ್ಲಾಸ್ ತಪ್ಪಿಸಿ ಓಡಾಡುವವರು ಯಾರು? ಇದು ಓನರ್‌ಗಳಿಗೂ ಗೊತ್ತು. ಲೆಕ್ಕವಿಲ್ಲದ ಕಡಿತ ಯಾವಾಗಲೂ ಕೋರ್ಟಿಗೆ ಹೋಗುವಷ್ಟು ದೊಡ್ಡದಾಗಿರುವುದಿಲ್ಲ, ಮರೆಯುವಷ್ಟು ಚಿಕ್ಕದೂ ಆಗಿರುವುದಿಲ್ಲ. ನಾನು ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡೋಣ ಎನ್ನುತ್ತಿದ್ದೇನೆ, ಉಳಿದ ಇಬ್ಬರು ಬಿಡು ಎನ್ನುತ್ತಿದ್ದಾರೆ. ಹಾವೇರಿಯವನು ಇನ್ನೂ ಹೇಳಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ದಡ್ಡತನ ನನಗೆ ಕಾಡುತ್ತದೆ. ಕರಾರಿನಲ್ಲಿ ‘ಖಾಲಿ ಮಾಡುವಾಗ’ ಹಣ ಹಿಂತಿರುಗಿಸಬೇಕು ಎಂದಿತ್ತು. ಅಂದರೆ ಕೀಲಿಕೈ ಮತ್ತು ಲೆಕ್ಕ ಒಂದೇ ದಿನ ಆಗಬೇಕಿತ್ತು. ಅಂಕಲ್ ಜೊತೆ ಕೋಣೆ ಕೋಣೆ ಸುತ್ತಿ, ಒಡೆದ ಬಾಗಿಲನ್ನು ನಾವೇ ತೋರಿಸಿ, ಇದಕ್ಕಿಷ್ಟು ಅದಕ್ಕಿಷ್ಟು ಎಂದು ಅಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದರೆ ಯಾವ ಇಮೇಲೂ ಬೇಕಿರಲಿಲ್ಲ. ಲಾರಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ ಎಂಬ ಕಾರಣಕ್ಕೆ ನಾವು ‘ಬರ್ತೀವಿ ಅಂಕಲ್’ ಎಂದು ಕೀಲಿಕೈ ಕೊಟ್ಟು ಇಳಿದುಬಂದೆವು. ಬಾಗಿಲು ಒಡೆದದ್ದನ್ನು ಹೇಳಲು ಭಯವೂ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಈಗ ಅದೇ ನಾಲ್ವರು ಕಾಲೇಜಿನಿಂದ ಎರಡು ಸ್ಟಾಪ್ ಆಚೆ ಬೇರೆ ಮನೆಯಲ್ಲಿದ್ದೇವೆ. ಇಲ್ಲಿ ಓನರ್ ಒಬ್ಬರು ಆಂಟಿ. ಕರಾರಿನಲ್ಲಿ ಪೇಂಟಿಂಗ್ ಷರತ್ತು ಇಲ್ಲೂ ಇತ್ತು. ‘ಬಿಲ್ ಪ್ರಕಾರ, ಗರಿಷ್ಠ ಒಂದು ತಿಂಗಳ ಬಾಡಿಗೆ’ ಎಂದು ಸೇರಿಸಿ ಎಂದು ಕೇಳಿದಾಗ ಆಂಟಿ ಸ್ವಲ್ಪ ಯೋಚಿಸಿ ಒಪ್ಪಿದರು. ಮೊದಲ ದಿನ ಸಾಮಾನು ಒಳಗೆ ತರುವ ಮುಂಚೆ ಹಾವೇರಿಯವನು ಫೋನ್ ಹಿಡಿದು ಗೋಡೆ, ಸಿಂಕಿನ ಕೆಳಗೆ, ಬಾತ್‌ರೂಮ್ ಬಾಗಿಲಿನ ಎರಡೂ ಬದಿ ನಿಧಾನವಾಗಿ ವಿಡಿಯೊ ಮಾಡುತ್ತಿದ್ದ. ಆಂಟಿ ಬಾಗಿಲಲ್ಲಿ ನಿಂತು ನೋಡಿ, ‘ಏನಪ್ಪಾ ಇದು, ರೀಲ್ಸಾ?’ ಎಂದು ಕೇಳಿದರು. ‘ಅಲ್ಲ ಆಂಟಿ, ನಿಮಗೂ ಮೇಲ್ ಮಾಡ್ತೀನಿ, ಇಟ್ಕೊಳ್ಳಿ’ ಎಂದು ಹೇಳಿ ಅವನು ಮೀಟರ್ ಬೋರ್ಡಿನ ಕಡೆ ಹೋದ.